ಬಾಗಿಲು ರಿಪೇರಿಗೆ ಬಂದವಳು

ಆಕೆಗೆ ಮನೆಯಲ್ಲಿಟ್ಟ ಹೆಸರೊಂದು ಇದ್ದೇ ಇತ್ತು, ಆದರೆ ಅದು ಬಳಕೆಯಿಲ್ಲದೆ ಮೂಲೆ ಸೇರಿತ್ತು. ಬೀದಿಗೆಲ್ಲ ಆಕೆ ಕೀಲಿಯಕ್ಕ. ಅಪ್ಪ ನಡೆಸುತ್ತಿದ್ದ ಬೀಗ ರಿಪೇರಿ ಅಂಗಡಿಯನ್ನು ಅಪ್ಪನ ಕೈ ನಡುಗಲು ಶುರುವಾದ ವರ್ಷ ಆಕೆಯೇ ವಹಿಸಿಕೊಂಡಳು. ಈಗ ಆಕೆಗೆ ಐವತ್ತೊಂದು ದಾಟಿದೆ. ಎರಡು ಕಟ್ಟಡಗಳ ನಡುವಿನ ಸಂದಿಯಲ್ಲಿರುವ ಅಂಗಡಿ, ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತವೆ. ಒಂದು ಗೋಡೆಗೆ ಹಲ್ಲು ಕೊರೆಯದ ಕೀಗಳು, ಸಾಲು ಸಾಲಾಗಿ, ಉದ್ದದ್ದು ಗಿಡ್ಡದ್ದು ಮೊಂಡ ಮೂಗಿನದ್ದು. ಇನ್ನೊಂದು ಗೋಡೆಗೆ ಲೋಹ ಉಜ್ಜುವ ಅರಗಳು. ನಡುವೆ ಒಂದು ಮೇಜು, ಒಂದು ಸ್ಟೂಲು, ಸ್ಟೂಲಿನ ಮೇಲೆ ಯಾವಾಗಲೂ ಹರಾಜು ತಾತ.

ಈ ತಾತ ಸಂಬಂಧಿಕರಲ್ಲ. ನಲವತ್ತು ವರ್ಷ ಹಳೆ ಪೀಠೋಪಕರಣಗಳ ಹರಾಜು ಕೂಗಿದವರು. ಕೆಲಸ ಬಿಟ್ಟ ಮೇಲೆ ಮನೆಯಲ್ಲಿ ಕೂಗಲು ಯಾರೂ ಬಿಡಲಿಲ್ಲ, ಅದಕ್ಕೆ ಇಲ್ಲಿ ಬಂದು ಕೂರುತ್ತಿದ್ದರು.

ಬೀಗ ತೆಗೆಯುವವಳು ವೇದಿಕೆ ಹತ್ತಿದ್ದು ಹೇಗೆ ಅನ್ನೋದನ್ನೂ ಹೇಳಿಬಿಡಬೇಕು. ಮಾರುಕಟ್ಟೆಯ ಹಿಂದೆ ಒಂದು ಪುಟ್ಟ ಸಭಾಂಗಣ, ನೂರಿಪ್ಪತ್ತು ಕುರ್ಚಿ. ಅಲ್ಲಿ ಪ್ರತಿ ಭಾನುವಾರ ಸಂಜೆ ನಗೆ ಕಾರ್ಯಕ್ರಮ. ಯಾರು ಬೇಕಾದರೂ ಹೆಸರು ಕೊಟ್ಟು ಹತ್ತು ನಿಮಿಷ ಜೋಕು ಹೇಳಬಹುದು, ಕೊನೆಯಲ್ಲಿ ಹೊರಗಿನಿಂದ ಬಂದ ಒಬ್ಬ ಪಳಗಿದ ಕಲಾವಿದ. ಹೋದ ವರ್ಷ ಒಂದು ಭಾನುವಾರ ಅಲ್ಲಿಯ ನಿರೂಪಕ ಬಣ್ಣ ಹಚ್ಚಿಕೊಳ್ಳುವ ಕೋಣೆಯೊಳಗೆ ಸಿಕ್ಕಿಹಾಕಿಕೊಂಡ, ಬೀಗ ಜಾಮ್. ಕೀಲಿಯಕ್ಕನಿಗೆ ಕರೆ ಹೋಯಿತು. ಆಕೆ ಮಂಡಿಯೂರಿ ಬೀಗ ಬಿಡಿಸುತ್ತ ಒಳಗಿದ್ದವನಿಗೆ ಧೈರ್ಯ ಹೇಳುತ್ತಿದ್ದಳು: "ಹೆದರಬೇಡಪ್ಪ, ಕಳೆದ ವಾರ ಒಬ್ಬರು ಕಕ್ಕಸು ಮನೇಲಿ ಸಿಕ್ಕಿಹಾಕಿಕೊಂಡಿದ್ರು. ಬಾಗಿಲು ತೆಗೆದ್ರೆ ಇನ್ನೊಂದು ಅರ್ಧ ಗಂಟೆ ಬಿಟ್ಟು ಬಾ ಅಂದ್ರು. ಮನೇಲಿ ಏಳು ಮಕ್ಕಳು, ಪಾಪ." ಪಕ್ಕದಲ್ಲೇ ಯಾರೋ ಮೈಕು ಆರಿಸದೆ ಇಟ್ಟಿದ್ದರು. ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಸಭಾಂಗಣದ ಯಜಮಾನಿ, ದಪ್ಪ ಕನ್ನಡಕದ ಹೆಂಗಸು, ಬೀಗ ತೆಗೆಯುವ ತನಕ ಕಾದು ಕೇಳಿದಳು: "ಭಾನುವಾರ ಸಂಜೆ ಬಿಡುವಿರುತ್ತಾ ನಿಂಗೆ?"

ಆ ನಿರೂಪಕ ಬೇರೆ ಊರಿಗೆ ಹೋದ ಮೇಲೆ ಮೈಕು ಕೀಲಿಯಕ್ಕನ ಕೈಗೆ ಬಂತು. ಒಬ್ಬೊಬ್ಬರನ್ನೇ ಕರೆಯುವುದು, ನಡುವೆ ಒಂದಿಷ್ಟು ತನ್ನ ಅಂಗಡಿಯ ಕಥೆ, ಕೊನೆಗೆ ವಂದನೆ. ಅದೆಷ್ಟು ಹಿಗ್ಗು ಆಕೆಗೆ! ಸೋಮವಾರದಿಂದ ಶನಿವಾರದವರೆಗೆ ತಗ್ಗಿಸಿದ ತಲೆ ಭಾನುವಾರ ಸಂಜೆ ಮೇಲೇಳುತ್ತಿತ್ತು. ಗಂಡ ಬೇಕರಿಯಲ್ಲಿ ಹಿಟ್ಟು ನಾದುವವನು, ಕಡಿಮೆ ಮಾತಿನವನು. "ಭಾನುವಾರ ಬಂದ್ರೆ ನಿನ್ನ ಮುಖ ಒಲೆಯಿಂದ ತೆಗೆದ ಬನ್ನಿನ ಹಾಗೆ ಆಗುತ್ತಲ್ಲೇ" ಅಂದಿದ್ದ.

ಆದರೆ ಮೂರು ವಾರದ ಕೆಳಗೆ ಒಂದು ಎಡವಟ್ಟಾಯಿತು.

ಆಕೆ ಕುಳ್ಳಿ. ಚಿಕ್ಕಂದಿನಿಂದ ಎಲ್ಲರೂ ಅದನ್ನೇ ಹಿಡಿದು ಆಡಿಕೊಂಡಿದ್ದಾರೆ. ವೇದಿಕೆಯ ಮೇಲೆ ಯಾರಾದರೂ ಕಾಲೆಳೆದರೆ ಇರಲಿ ಅಂತ ಕುಳ್ಳಿಗೆ ಉತ್ತರವಾಗಿ ಏಳು ಮಾತು ಬರೆದು, ಬಾಯಿಪಾಠ ಮಾಡಿ, ಚೀಟಿಯನ್ನು ಏಪ್ರನ್ ಜೇಬಿನಲ್ಲಿ ಮಡಚಿಟ್ಟುಕೊಂಡಿದ್ದಳು. ಆ ಸಂಜೆ ಒಬ್ಬ ಬ್ಯಾಂಕ್ ಗುಮಾಸ್ತ ಜೋಕು ಹೇಳಲು ಬಂದ. ಮೈಕು ಹಿಡಿದವನೇ ಆಕೆಯ ಸೊಂಟದ ಕೀ ಗೊಂಚಲು ನೋಡಿ, "ಇವರು ಝಣ್ ಝಣ್ ಅಂತ ಬರೋದು ಕೇಳಿ ಜೈಲರ್ ಬಂದ್ರು ಅಂತ ಎದ್ದು ನಿಂತೆ!" ಅಂದ. ಸಭೆ ಘೊಳ್ಳೆಂದಿತು. ಆಕೆಗೆ ಕಾಲೆಳೆದದ್ದು ಗೊತ್ತಾಯಿತೇ ಹೊರತು ಏನಂದ ಅನ್ನೋದು ಕಿವಿಗೆ ಬಿದ್ದರೂ ತಲೆಗೆ ಇಳಿಯಲಿಲ್ಲ. ನಗು ಇನ್ನೂ ಏರುತ್ತಿರುವಾಗಲೇ ಚೀಟಿಯ ಮೊದಲ ಮಾತು ಬಾಯಿಂದ ಹಾರಿತು: "ಕುಳ್ಳಿ ಅಂತ ನಗಬೇಡಿ, ನೆಲಕ್ಕೆ ಹತ್ತಿರ ಇರೋರಿಗೆ ಬಿದ್ದಾಗ ಏಟು ಕಮ್ಮಿ!"

ಅರ್ಧ ಜನಕ್ಕೆ ಕೇಳಲೇ ಇಲ್ಲ. ಕೇಳಿದವರು ಒಬ್ಬರ ಮುಖ ಒಬ್ಬರು ನೋಡಿದರು. ಕುಳ್ಳಿ ಅಂದವರು ಯಾರು? ನಗು ನಿಂತಿತು. ಮುಂದಿನವರ ಹೆಸರನ್ನೂ ತಪ್ಪು ಹೇಳಿ ಆಕೆ ಕೆಳಗಿಳಿದುಬಿಟ್ಟಳು.

ಯಜಮಾನಿ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. "ನೋಡಮ್ಮ, ಇಲ್ಲಿ ಬರೋರಲ್ಲಿ ಯಾರಾದ್ರೂ ನಿರೂಪಕರ ಕಾಲು ಎಳೆದೇ ಎಳೀತಾರೆ. ಅದು ಇಲ್ಲಿಯ ರೂಢಿ. ಪ್ರತಿ ಸಲ ಇಳಿದು ಓಡಿದ್ರೆ ಹೇಗೆ? ರೇಡಿಯೋದಲ್ಲಿ ಮಾತಾಡೋ ಒಬ್ಬಾಕೆ ಕೇಳ್ತಿದ್ದಾರೆ. ಎರಡು ವಾರ ಸಭಾಂಗಣಕ್ಕೆ ಬಣ್ಣ ಹೊಡೀತಾರೆ, ಕಾರ್ಯಕ್ರಮ ಇಲ್ಲ. ಆಮೇಲಿನ ಭಾನುವಾರ ನೀನು ಮಾಡು. ಅದನ್ನ ನೋಡಿ ಹೇಳ್ತೀನಿ."

ಮಾರನೆಯ ದಿನ ಆಕೆ ಅಂಗಡಿಯಲ್ಲಿ ಅರ ಉಜ್ಜುತ್ತ ನಡೆದದ್ದನ್ನು ಹೇಳಿದಳು. ಹರಾಜು ತಾತ ಎಲ್ಲ ಕೇಳಿಸಿಕೊಂಡು ತಲೆ ಆಡಿಸಿದರು.

"ಈಗ ಏನು ಮಾಡ್ತಿದ್ದೀಯ ಮಗಳೇ?"

"ಕಾಣಲ್ವಾ ತಾತ? ಗಿರಾಕಿ ಒಬ್ಬರ ಕೀ ಕಳೆದುಹೋಗಿದೆ. ಬೀಗಕ್ಕೆ ಹೊಸ ಕೀ ಮಾಡ್ತಿದ್ದೀನಿ."

"ಹೇಗೆ ಮಾಡ್ತೀಯ? ಬಿಡಿಸಿ ಹೇಳು, ನಾನು ದಡ್ಡ ಅಂದ್ಕೋ."

"ಅಂದ್ಕೊಳ್ಳೋದೇನು ಬಂತು," ಅಂದಳು ಆಕೆ. ತಾತ ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. ಆಕೆ ತೋರಿಸಿದಳು. ಹಲ್ಲು ಕೊರೆಯದ ಕೀಯನ್ನು ಬೀಗದೊಳಗೆ ಹಾಕಿ ಬಿಗಿಯಾಗಿ ತಿರುಗಿಸಿ ಅಲುಗಿಸಬೇಕು. ಒಳಗಿನ ಕಡ್ಡಿಗಳು ಒತ್ತಿದಲ್ಲಿ ಸಾಸಿವೆಗಿಂತ ಸಣ್ಣ ಗುರುತು ಮೂಡುತ್ತದೆ. ಹೊರಗೆ ತೆಗೆದು ಬೆಳಕಿಗೆ ಹಿಡಿದು ಗುರುತಿದ್ದಲ್ಲಿ ಮಾತ್ರ ಅರದಿಂದ ಒಂದೆರಡು ಉಜ್ಜು. ಮತ್ತೆ ಹಾಕು, ಮತ್ತೆ ನೋಡು. ಗುರುತು ಮೂಡದಿದ್ದಲ್ಲಿ ಕೈ ಇಡಬಾರದು, ಒಂದು ಉಜ್ಜು ಹೆಚ್ಚಾದರೂ ಕೀ ಕೆಟ್ಟಿತು.

"ಮನೇಲೇ ಹಲ್ಲು ಕೊರೆದು ತಂದ್ರೆ ಆಗಲ್ವಾ?"

"ಯಾವ ಬೀಗ ಅಂತ ಗೊತ್ತಿಲ್ದೆ ಹೇಗೆ ತಾತ..." ಅಂತ ಶುರುಮಾಡಿದವಳು ಅಲ್ಲಿಗೇ ನಿಂತಳು. ಅರ ಕೈಯಲ್ಲೇ ಉಳಿಯಿತು.

"ಅದೇ ಕಣಮ್ಮ," ಅಂದರು ತಾತ. "ನೀನು ಏಳು ಕೀ ಮನೇಲೇ ಕೊರ್ಕೊಂಡು ಹೋದೆ. ಅವನು ತಂದಿದ್ದು ಬೇರೆ ಬೀಗ. ಹರಾಜಿನಲ್ಲಿ ನನ್ನನ್ನ ದಿನಕ್ಕೆ ನೂರು ಜನ ಆಡಿಕೊಳ್ಳೋರು. ಉತ್ತರ ಬರೆದಿಟ್ಕೊಂಡಿದ್ರೆ ನನಗೆ ಒಂದು ಗಾಡಿ ಕಾಗದ ಬೇಕಾಗ್ತಿತ್ತು. ನಾನು ಇಟ್ಕೊಂಡಿದ್ದು ಉತ್ತರ ಅಲ್ಲ, ಅಚ್ಚು. ನಿನ್ನ ಗೋಡೆ ಮೇಲಿದೆಯಲ್ಲ, ಅಂಥ ಹಲ್ಲಿಲ್ಲದ ಕೀ. ಅವನ ಬಾಯಿಂದ ಬಂದ ಮಾತೇ ಗುರುತು. ಅಲ್ಲೇ ಉಜ್ಜಬೇಕು."

ಅವತ್ತಿನಿಂದ ಅಂಗಡಿ ಪಾಠಶಾಲೆಯಾಯಿತು. ತಾತ ಮೊದಲು ಕಲಿಸಿದ್ದು "ಹೌದು" ಅಚ್ಚು. ಯಾರು ಏನೇ ಅಂದರೂ ಇಲ್ಲ ಅನ್ನಬಾರದು, ಕೋಪ ಬಂದಂತೆ ಕಾಣುತ್ತದೆ. ಹೌದು ಅನ್ನು, ಅದನ್ನೇ ಇನ್ನಷ್ಟು ಉಬ್ಬಿಸು.

"ಏನಮ್ಮ ಇದು, ಅಂಗಡಿಯೋ ಬೆಂಕಿಪೊಟ್ಟಣವೋ?" ಅಂತ ತಾತ ಪರೀಕ್ಷೆಗೆ ಕಾಲೆಳೆದರು.

ಆಕೆ ತಡವರಿಸಿದಳು. "ಅಂಗಡಿ ಚಿಕ್ಕದಾದ್ರೂ..."

"ಊಹೂಂ. ಅದು ವಾದ. ಹೌದು ಅನ್ನು. ನಾನು ಬಿಟ್ಟುಕೊಟ್ಟ ಪದ ಯಾವುದು?"

"ಬೆಂಕಿಪೊಟ್ಟಣ."

"ಅಲ್ಲೇ ಉಜ್ಜು."

"ಹೌದು ತಾತ, ಅದಕ್ಕೇ ಗಿರಾಕಿಗಳನ್ನ ಕಡ್ಡಿ ಥರ ಒಬ್ಬೊಬ್ಬರನ್ನೇ ಬಿಡೋದು. ಒಟ್ಟಿಗೆ ಬಂದು ತಿಕ್ಕಾಡಿದ್ರೆ ಹತ್ತಿಕೊಳ್ತಾರೆ."

ತಾತ ತೊಡೆ ತಟ್ಟಿಕೊಂಡು ಕೂಗಿದರು, ಹರಾಜಿನಲ್ಲಿ ಕೂಗುತ್ತಿದ್ದ ಹಾಗೇ: "ಒಂದು ಸಾರಿ! ಎರಡು ಸಾರಿ! ಮಾರಾಟ ಆಯ್ತು!" ದಾರಿಯಲ್ಲಿ ಹೋಗುತ್ತಿದ್ದವರು ಇಣುಕಿ ನೋಡಿದರು.

ಎರಡನೆಯದು "ಎರಡು ನೇರ, ಒಂದು ಸೊಟ್ಟ." ಒಂದೇ ದಾರಿಯಲ್ಲಿ ಎರಡು ಹೆಜ್ಜೆ ಕರೆದುಕೊಂಡು ಹೋಗಿ ಮೂರನೆಯದಕ್ಕೆ ಪಕ್ಕಕ್ಕೆ ತಳ್ಳುವುದು.

"ನಿನಗೂ ವಯಸ್ಸಾಯ್ತು ಬಿಡಮ್ಮ."

"ಹೌದು ತಾತ. ಮೊಣಕಾಲು ನೋಯುತ್ತೆ. ಕಣ್ಣು ಮಂಜಾಗಿದೆ. ಈಚೆಗೆ ನೀವೂ ಚಂದ ಕಾಣಿಸ್ತಿದ್ದೀರ."

ಮೂರನೆಯದು "ಅದಕ್ಕೇ." ಅವನು ಅಂದದ್ದನ್ನು ಒಪ್ಪಿಕೊಂಡು, ಅದಕ್ಕೊಂದು ಕಾರಣ ಕೊಡು, ಆ ಕಾರಣ ಅವನ ತಲೆಯ ಮೇಲೆ ಬೀಳಲಿ. ನಾಲ್ಕನೆಯದು ಹಿಂದೆ ನಗಿಸಿದ ಮಾತನ್ನೇ ತುಂಬ ಹೊತ್ತಾದ ಮೇಲೆ ಮತ್ತೆ ಎತ್ತುವುದು. "ಜನ ಮರೆತಿರ್ತಾರೆ. ನೆನಪು ಮಾಡಿದ್ರೆ ಹಳೇ ನೆಂಟ ಸಿಕ್ಕ ಹಾಗೆ ಖುಷಿ ಪಡ್ತಾರೆ."

"ಏನೂ ಹೊಳೀಲಿಲ್ಲ ಅಂದ್ರೆ?"

"ಹೊಳೀಲಿಲ್ಲ ಅನ್ನು. ಅದಕ್ಕಿಂತ ಒಳ್ಳೇ ಮಾತಿಲ್ಲ. 'ಇದಕ್ಕೆ ಉತ್ತರ ನಂಗೆ ಮನೆಗೆ ಹೋಗುವಾಗ ಬಸ್ಸಲ್ಲಿ ಹೊಳೆಯುತ್ತೆ. ನಂಬರ್ ಕೊಟ್ಟಿರಿ, ಫೋನ್ ಮಾಡ್ತೀನಿ.' ನಿಜ ಹೇಳಿದ್ರೆ ಜನ ನಿನ್ನ ಕಡೆ."

ಆದರೆ ತಾತ ಎಲ್ಲಕ್ಕಿಂತ ಹೆಚ್ಚು ಗದರಿದ್ದು ಬೇರೆ ವಿಷಯಕ್ಕೆ. ಆಕೆ ಅವಸರದವಳು. ಮಾತು ಮುಗಿಯುವ ಮೊದಲೇ ಉತ್ತರ ಉದುರುತ್ತಿತ್ತು. "ನಗು ಅಂದ್ರೆ ಹಾಲು ಉಕ್ಕಿದ ಹಾಗೆ. ಏರುವಾಗ ಮಾತಾಡಿದ್ರೆ ನಿನ್ನ ಮಾತು ಅದರಲ್ಲಿ ಮುಳುಗುತ್ತೆ. ಪೂರ್ತಿ ಆರಿದ ಮೇಲೆ ಆಡಿದ್ರೆ ತಣ್ಣಗಾಗಿರುತ್ತೆ. ಏರಿ, ಅರ್ಧಕ್ಕೆ ಇಳಿಯುತ್ತಲ್ಲ, ಆಗ. ಅಲ್ಲಿ ತನಕ ನೀನೂ ನಗು. ಆಮೇಲೆ ಅವನ ಮಾತನ್ನೇ ಒಂದು ಸಾರಿ ನಿಧಾನವಾಗಿ ತಿರುಗಿ ಹೇಳು. ಹಿಂದಿನ ಸಾಲಿಗೂ ಕೇಳುತ್ತೆ, ನಿಂಗೂ ಉಸಿರಾಡೋಕೆ ಜಾಗ ಸಿಗುತ್ತೆ."

ಆಕೆ ಮನೆಯಲ್ಲೂ ಬಿಡಲಿಲ್ಲ. ಊಟಕ್ಕೆ ಕೂತಾಗ ಗಂಡನಿಗೆ ದುಂಬಾಲು ಬಿದ್ದಳು. "ರೀ, ನನ್ನನ್ನ ಏನಾದ್ರೂ ಅನ್ರೀ."

"ಏನನ್ನಲಿ?"

"ಏನಾದ್ರೂ. ಆಡಿಕೊಳ್ಳಿ."

ಆತ ಒಂದು ತುತ್ತು ಬಾಯಿಗಿಟ್ಟ. "ನಿನ್ನ ಸಾರಿಗೆ ಉಪ್ಪಿಲ್ಲ."

"ಹೌದು ರೀ! ಅದಕ್ಕೇ..." ಅಂತ ಆಕೆ ಹುರುಪಿನಿಂದ ಶುರುಮಾಡಿದಳು.

"ಅಲ್ವೇ, ನಿಜವಾಗ್ಲೂ ಉಪ್ಪಿಲ್ಲ," ಅಂದ ಆತ.

ಆ ಭಾನುವಾರ ಬಂದೇಬಂತು. ಹೊಸ ಬಣ್ಣದ ವಾಸನೆ, ತುಂಬಿದ ಸಭಾಂಗಣ. ಕುರ್ಚಿ ಸಾಲದೆ ಹಿಂದಿನ ಗೋಡೆಗೆ ಒರಗಿ ನಿಂತಿದ್ದರು. ಕೊನೆಯ ಕಲಾವಿದ ಮೀಸೆಯಣ್ಣ, ದೊಡ್ಡ ಹೆಸರು ಮಾಡಿದವನು, ಎರಡೂ ಕಡೆ ತಿರುವಿದ ಮೀಸೆ. ಮೂರನೆಯ ಸಾಲಿನಲ್ಲಿ ಹರಾಜು ತಾತ, ಅವರ ಪಕ್ಕ ಬೇಕರಿಯ ಗಂಡ, ಒಗೆದ ಅಂಗಿಯ ಮೇಲೂ ಎಲ್ಲೋ ಒಂದು ಚೂರು ಮೈದಾ. ಯಜಮಾನಿ ಎಂದಿನಂತೆ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದಳು. ಅವಳ ಪಕ್ಕದಲ್ಲಿ ನೀಲಿ ಸೀರೆಯುಟ್ಟ ಹೊಸಬಳೊಬ್ಬಳು. ರೇಡಿಯೋದವಳು ಅಂತ ಯಾರೂ ಹೇಳಬೇಕಾಗಿರಲಿಲ್ಲ.

ಕೀಲಿಯಕ್ಕ ಚೀಟಿಯನ್ನು ಹರಿದು ಕಸದ ಬುಟ್ಟಿಗೆ ಹಾಕಿ ಬಂದಿದ್ದಳು. ಎಡಗೈ ಮುಷ್ಟಿಯಲ್ಲಿ ಹಲ್ಲು ಕೊರೆಯದ ಒಂದು ಕೀ ಮಾತ್ರ.

ಮೊದಲ ನಾಲ್ಕು ಜನ ಸುಮ್ಮನೆ ಬಂದು ಜೋಕು ಹೇಳಿ ಹೋದರು. ಒಬ್ಬರೂ ಆಕೆಯ ತಂಟೆಗೆ ಬರಲಿಲ್ಲ. ಇವತ್ತು ಯಾರೂ ಏನೂ ಅನ್ನದೆ ಮುಗಿದುಹೋಗುತ್ತೇನೋ ಅಂತ ಆಕೆಗೆ ಒಂದು ಕಡೆ ನಿರಾಳ, ಇನ್ನೊಂದು ಕಡೆ, ಹೇಳಲು ನಾಚಿಕೆ, ನಿರಾಸೆ. ಮೀಸೆಯಣ್ಣನನ್ನು ಕರೆದಳು, ಚಪ್ಪಾಳೆ ತಟ್ಟಿಸಿದಳು, ಮೈಕು ಅವನ ಕೈಗಿಟ್ಟು ಮೆಟ್ಟಿಲ ಕಡೆ ತಿರುಗಿದಳು. ಒಂದು ಕಾಲು ಮೊದಲ ಮೆಟ್ಟಿಲ ಮೇಲಿತ್ತು.

"ಒಂದ್ ನಿಮಿಷ, ಒಂದ್ ನಿಮಿಷ," ಅಂದ ಮೀಸೆಯಣ್ಣ, ಆಕೆಯ ಏಪ್ರನ್ನು, ಜೇಬಿನಿಂದ ಇಣುಕುತ್ತಿದ್ದ ಸ್ಕ್ರೂಡ್ರೈವರು, ಸೊಂಟದ ಗೊಂಚಲು ಎಲ್ಲ ಮೇಲಿಂದ ಕೆಳಗೆ ನೋಡುತ್ತ. "ಇವರೇನಾ ನಿರೂಪಕಿ? ಆಗಿಂದ ನಾನು ಬಾಗಿಲು ರಿಪೇರಿಗೆ ಬಂದವರು ಅಂದ್ಕೊಂಡಿದ್ದೆ!"

ಸಭೆ ಸಿಡಿಯಿತು. ಗೋಡೆಗೆ ಒರಗಿದವರು ಒಬ್ಬರ ಮೇಲೊಬ್ಬರು ಬಿದ್ದರು.

ಹರಿದು ಹಾಕಿದ ಚೀಟಿಯ ಮೊದಲ ಮಾತು, ಆ ಹಾಳು ಕುಳ್ಳಿಯ ಮಾತು, ತಾನಾಗಿ ಗಂಟಲಿಗೆ ಬಂದು ಕೂತಿತು. ಆಕೆ ಮುಷ್ಟಿ ಬಿಗಿಹಿಡಿದಳು. ಕೀ ಅಂಗೈಗೆ ಒತ್ತಿತು. ಏನಂದ? ನಿಜವಾಗಿ ಏನಂದ? ಬಾಗಿಲು. ರಿಪೇರಿ.

ಆಕೆ ಮೆಟ್ಟಿಲಿಂದ ಕಾಲು ತೆಗೆದು ತಿರುಗಿ ಬಂದಳು. ಬರುತ್ತಲೇ ತಾನೂ ನಕ್ಕಳು, ಬಾಯಿ ತುಂಬ. ಪಕ್ಕದ ಸ್ಟ್ಯಾಂಡಿನಲ್ಲಿದ್ದ ಇನ್ನೊಂದು ಮೈಕು ತೆಗೆದುಕೊಂಡಳು. ನಗು ಏರಿತು, ತುದಿ ಮುಟ್ಟಿತು. ಇಳಿಯತೊಡಗಿತು. ಅರ್ಧ.

"ಬಾಗಿಲು ರಿಪೇರಿಗೆ ಬಂದವಳು," ಅಂದಳು ನಿಧಾನವಾಗಿ, ಹಿಂದಿನ ಗೋಡೆಯವರಿಗೂ ಕೇಳುವ ಹಾಗೆ. ತಲೆ ಆಡಿಸಿದಳು. "ಹೌದು ಸ್ವಾಮಿ. ಅದಕ್ಕೇ ಬಂದಿರೋದು."

ಸಭೆ ಕಿವಿ ನಿಮಿರಿಸಿತು.

"ಹೋದ ಸಲ ನೀವಿಲ್ಲಿ ಜೋಕು ಹೇಳುವಾಗ ಜನ ಎಲ್ಲ ಒಟ್ಟಿಗೆ ಎದ್ದು ಓಡಿದ್ರಲ್ಲ, ಬಾಗಿಲು ಕಿತ್ತು ಕೈಗೆ ಬಂದಿತ್ತು!"

ನಗು ಮಾತ್ರ ಅಲ್ಲ, ಒಂದು ಕೂಗು ಎದ್ದಿತು. ಯಾರೋ ಕುರ್ಚಿ ಬಡಿದರು. ಹರಾಜು ತಾತ ಎದ್ದು ನಿಂತು "ಒಂದು ಸಾರಿ!" ಅಂತ ಕೂಗಿದರು, ಬೇಕರಿಯವನು ಅವರ ಅಂಗಿ ಹಿಡಿದು ಕೂರಿಸಿದ. ಮೀಸೆಯಣ್ಣ ಎದೆಗೆ ಬಾಣ ತಗುಲಿದವನಂತೆ ಎರಡು ಹೆಜ್ಜೆ ಹಿಂದೆ ಹೋದ. ಪಳಗಿದ ಮನುಷ್ಯ, ಬಿಡುತ್ತಾನೆಯೇ?

"ಹಾಗಾದ್ರೆ ಇವತ್ತು ಯಾರೂ ಓಡದ ಹಾಗೆ ಬೀಗ ಹಾಕಿದ್ದೀರಿ ತಾನೇ?"

ಈ ಸಲ ಅವಳಿಗೆ ಗುರುತು ಹುಡುಕಬೇಕಾಗಲಿಲ್ಲ, ಹೊಳೆಯುತ್ತಿತ್ತು. ಕಾದಳು. ನಗು ಇಳಿಯಲು ಬಿಟ್ಟಳು. "ಹಾಕಿದ್ದೀನಿ. ಮುಂದಿನ ಬಾಗಿಲಿಗೆ ಹಾಕಿದ್ದೀನಿ. ಹಿಂದಿನ ಬಾಗಿಲಿಗೆ ಹಾಕಿದ್ದೀನಿ. ನಿಮ್ಮ ಮೈಕಿಗೂ ಒಂದು ಹಾಕೋಣ ಅಂತಿದ್ದೆ, ಅಷ್ಟರಲ್ಲಿ ನೀವು ಹಿಡ್ಕೊಂಡುಬಿಟ್ರಿ!"

ಮೀಸೆಯಣ್ಣನೇ ಹೊಟ್ಟೆ ಹಿಡಿದುಕೊಂಡು ನಕ್ಕ. ಮೈಕು ಕಂಕುಳಲ್ಲಿಟ್ಟು ಚಪ್ಪಾಳೆ ತಟ್ಟಿದ. ಆ ಗಳಿಗೆಯಲ್ಲಿ ಕೀಲಿಯಕ್ಕನಿಗೆ ರೆಕ್ಕೆ ಬಂದ ಹಾಗಾಗಿತ್ತು. ನಾಲಿಗೆ ತುದಿಗೆ ಮೂರನೆಯ ಮಾತೂ ಬಂತು. ದೀಪದ ಬೆಳಕಲ್ಲಿ ಅವನ ಮೀಸೆಗೆ ಹಚ್ಚಿದ ಬಣ್ಣ ತುಟಿಯಂಚಿಗೆ ಇಳಿದಿದ್ದು ಹತ್ತಿರ ನಿಂತ ಅವಳೊಬ್ಬಳಿಗೇ ಕಾಣುತ್ತಿತ್ತು. ಅಂದಿದ್ದರೆ ಸಭೆ ಹುಚ್ಚೆದ್ದು ನಗುತ್ತಿತ್ತು, ಖಂಡಿತ. ಆದರೆ ಅವನು ಮೀಸೆಯ ಮಾತೇ ಎತ್ತಿರಲಿಲ್ಲ. ಗುರುತು ಮೂಡದ ಕಡೆ ಉಜ್ಜಬಾರದು. ಇಷ್ಟಕ್ಕೂ ಬೀಗ ಆಗಲೇ ತೆರೆದುಕೊಂಡಿತ್ತು.

"ಜೋರಾಗಿ ತಟ್ಟಿ ಚಪ್ಪಾಳೆ, ಮೀಸೆಯಣ್ಣನಿಗೆ!" ಅಂದು ಮೈಕು ಸ್ಟ್ಯಾಂಡಿಗೆ ಸಿಗಿಸಿ ಕೆಳಗಿಳಿದಳು.

ಮೀಸೆಯಣ್ಣ ಮುಕ್ಕಾಲು ಗಂಟೆ ನಗಿಸಿದ. ಜನ ಹಳೆಯದನ್ನೆಲ್ಲ ಮರೆತರು. ಆಕೆ ವಂದನೆ ಹೇಳಲು ಮತ್ತೆ ಮೇಲೆ ಬಂದು, ದೀಪದವರಿಗೆ, ಧ್ವನಿಯವರಿಗೆ, ಬಂದವರಿಗೆಲ್ಲ ನಮಸ್ಕಾರ ಹೇಳಿದಳು. ಜನ ಏಳಲು ಚಪ್ಪಲಿ ಹುಡುಕತೊಡಗಿದರು. ಆಗ ಕೈ ಎತ್ತಿದಳು.

"ಒಂದು ವಿನಂತಿ. ದಯವಿಟ್ಟು ಒಬ್ಬೊಬ್ಬರಾಗಿ ನಿಧಾನಕ್ಕೆ ಹೋಗಿ. ಬಾಗಿಲು ಈಗಷ್ಟೇ ರಿಪೇರಿ ಮಾಡಿದ್ದೀನಿ."

ಎದ್ದವರು ಎದ್ದಲ್ಲೇ ನಿಂತು ನಕ್ಕರು. ಹೊರಗೆ ಹೋಗುವಾಗ ಬಾಗಿಲನ್ನು ಮುಟ್ಟಿ ಮುಟ್ಟಿ ನೋಡಿ, ಮತ್ತೆ ನಗುತ್ತ ಹೋದರು. ಮೀಸೆಯಣ್ಣ ವೇದಿಕೆಯ ಅಂಚಿನಿಂದ ದೊಡ್ಡದಾಗಿ ಕೈ ಮುಗಿದ.

ಸಭಾಂಗಣ ಖಾಲಿಯಾಯಿತು. ನೀಲಿ ಸೀರೆಯಾಕೆ ಹೋಗುವ ಮುಂಚೆ ಕೀಲಿಯಕ್ಕನ ಕೈ ಹಿಡಿದು, "ನಾನು ರೇಡಿಯೋಗೇ ಸರಿ ಕಣ್ರೀ. ಅಲ್ಲಿ ಯಾರೂ ಎದುರುತ್ತರ ಕೊಡಲ್ಲ," ಅಂದಳು. ಯಜಮಾನಿ ಕನ್ನಡಕ ಒರೆಸಿಕೊಳ್ಳುತ್ತ ಬಂದಳು.

"ಮುಂದಿನ ಭಾನುವಾರ ಐದೂವರೆಗೆ ಬಂದುಬಿಡು. ಅದರ ಮುಂದಿನದಕ್ಕೂ. ಪ್ರತಿ ವಾರ ಹೇಳಿ ಕಳಿಸೋಕೆ ನನ್ನಿಂದ ಆಗಲ್ಲ, ಮೈಕು ನಿಂದೇ ಅಂದ್ಕೋ." ಎರಡು ಹೆಜ್ಜೆ ಹೋಗಿ ತಿರುಗಿದಳು. "ಅಂದ ಹಾಗೆ, ಆ ಹಿಂದಿನ ಬಾಗಿಲಿನ ಕೀಲು ನಿಜವಾಗ್ಲೂ ಸಡಿಲ ಆಗಿದೆ. ಅದೊಂದು ನೋಡಮ್ಮ."

ಗಂಡನೂ ತಾತನೂ ಹೊರಗೆ ಕಾಯುತ್ತಿದ್ದರು. ಆಕೆ ಹಿಂಬಾಗಿಲಿಗೆ ಹೋಗಿ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದಳು. ಅಲ್ಲಿ ಬೆಳಕು ಮಬ್ಬು. ಹಿಂದಿನಿಂದ ಯಾರೋ ಮೊಬೈಲಿನ ಟಾರ್ಚು ಹಿಡಿದರು. ಮೀಸೆಯಣ್ಣ.

"ನಿಜ ಹೇಳಿ ಅಕ್ಕ. ಆ ಬಾಗಿಲಿನ ಮಾತು ಮೊದಲೇ ಬರೆದಿಟ್ಕೊಂಡಿದ್ರಿ ತಾನೇ?"

ಆಕೆ ಸ್ಕ್ರೂ ಬಿಗಿ ಮಾಡುತ್ತಲೇ ನಕ್ಕಳು.

"ನಾನೆಲ್ಲಿ ಬರೆದೆ? ಬಾಗಿಲು ಅಂದಿದ್ದು ನೀವು. ಸ್ವಲ್ಪ ಮೇಲೆ ಹಿಡೀರಿ ಟಾರ್ಚು, ಕಾಣ್ತಿಲ್ಲ."